‘ಸೂಯ್ರ’ದಿಂದ ಶುರುವಾದ ಸಂಶೋಧನೆ

ಹತ್ತು ಪದಗಳ ಉಕ್ತಲೇಖನ. ಏಳು ಸರಿ, ಮೂರು ತಪ್ಪು. ತಪ್ಪಿದ ಮೂರನ್ನು ಹುಡುಗ ಬರೆದದ್ದು ಹೀಗೆ: ಸೂಯ್ರ, ಪವ್ರತ, ಸಪ್ರ. ಪಕ್ಕದಲ್ಲೇ ‘ಪುಸ್ತಕ’ ಮತ್ತು ‘ರಾಜ್ಯ’ ಎರಡನ್ನೂ ಮುದ್ದಾಗಿ, ಒಂದು ಚುಕ್ಕೆಯೂ ಆಚೀಚೆ ಆಗದಂತೆ ಬರೆದಿದ್ದ. ಬಿಟಿಎಂ ಲೇಔಟಿನ ಬದಿಯ ಒಂದು ಸರ್ಕಾರಿ ಶಾಲೆಯ ಸ್ಟಾಫ್ ರೂಮಿನಲ್ಲಿ ಕುಳಿತು ಆ ಪುಟವನ್ನು ನಾನು ಎಷ್ಟು ಹೊತ್ತು ನೋಡಿದೆನೆಂದರೆ, ಮುಂದಿಟ್ಟಿದ್ದ ಕಾಫಿ ಕೆನೆಗಟ್ಟಿತ್ತು.

ಪುಸ್ತಕ ತೋರಿಸಿದ ಟೀಚರ್ ಕೆಲಸದ ಜೊತೆಗೇ ಎಂ.ಎಡ್. ಮಾಡುತ್ತಿದ್ದಾರೆ. ಪ್ರಬಂಧಕ್ಕೆ ಅವರು ಮೊದಲು ಕೊಟ್ಟಿದ್ದ ಶೀರ್ಷಿಕೆ ‘ಬೆಂಗಳೂರು ದಕ್ಷಿಣದ ಪ್ರಾಥಮಿಕ ಶಾಲಾ ಮಕ್ಕಳ ಕನ್ನಡ ಬರವಣಿಗೆಯ ಸಮಸ್ಯೆಗಳು: ಒಂದು ಅಧ್ಯಯನ’. ಇಂಥ ಶೀರ್ಷಿಕೆಗಳನ್ನು ಶಿಕ್ಷಣ ಕಾಲೇಜುಗಳ ಕಪಾಟುಗಳಲ್ಲಿ ಸಾಲುಸಾಲಾಗಿ ನೋಡಿದವನು ನಾನು. ನಿವೃತ್ತ ಪ್ರಾಧ್ಯಾಪಕರಾದ ಅವರ ಗೈಡ್ ಮನೆ ಜೆ.ಪಿ. ನಗರದಲ್ಲಿ. ಅವರು ಅದನ್ನು ಓದಿ ಕೇಳಿದ್ದು ಒಂದೇ ಮಾತು: “ಇದರಲ್ಲಿ ಪ್ರಶ್ನೆ ಎಲ್ಲಿದೆಯಮ್ಮಾ?”

ಪ್ರಶ್ನೆ ಇರಲಿಲ್ಲ. ವಿಷಯವಿತ್ತು, ಅಷ್ಟೇ. ಯಾವ ಮಕ್ಕಳು, ಬರವಣಿಗೆಯ ಯಾವ ಭಾಗ, ಏನನ್ನು ಎಣಿಸುವುದು, ಯಾವುದರ ಜೊತೆ ಹೋಲಿಸುವುದು ಎಂಬುದೊಂದೂ ಅದರಿಂದ ತಿಳಿಯುತ್ತಿರಲಿಲ್ಲ.

ಎರಡನೇ ಸಲ ಟೀಚರ್ ತಂದದ್ದು ನಮ್ಮಲ್ಲಿ ಎಲ್ಲರೂ ತರುವ ಮಾದರಿ: ಪೂರ್ವ ಪರೀಕ್ಷೆ, ಹದಿನೈದು ದಿನ ಚಟುವಟಿಕೆ, ಉತ್ತರ ಪರೀಕ್ಷೆ. ‘ಚಟುವಟಿಕೆ ಆಧಾರಿತ ಬೋಧನೆಯಿಂದ ಒತ್ತಕ್ಷರ ಕಲಿಕೆ ಸುಧಾರಿಸುತ್ತದೆಯೇ?’ ಇದು ಪ್ರಶ್ನೆಯೇನೋ ಹೌದು, ಆದರೆ ಆ ಶಾಲೆಯಲ್ಲಿ ಉತ್ತರ ಸಿಗದ ಪ್ರಶ್ನೆ. ನಾಲ್ಕನೇ ತರಗತಿಗೆ ಇರುವುದು ಒಂದೇ ವಿಭಾಗ, 28 ಮಕ್ಕಳು. ಚಟುವಟಿಕೆ ಇಲ್ಲದೆ ಕಲಿಯುವ ಇನ್ನೊಂದು ಗುಂಪಿಲ್ಲದಿದ್ದರೆ, ಮಕ್ಕಳು ಸುಧಾರಿಸಿದ್ದು ಚಟುವಟಿಕೆಯಿಂದಲೋ, ಅದೇ ಪದಗಳನ್ನು ಎರಡನೇ ಸಲ ಬರೆದದ್ದರಿಂದಲೋ, ಸಂಜೆಯ ಟ್ಯೂಷನ್‌ನಿಂದಲೋ ಹೇಳಲಾಗುವುದಿಲ್ಲ. ಪಾಠ ಮಾಡಿದರೆ ಮಕ್ಕಳು ಒಂದಿಷ್ಟಾದರೂ ಕಲಿಯುತ್ತಾರೆ, ಅದಕ್ಕೆ ಪ್ರಬಂಧ ಬೇಕಿಲ್ಲ. ಈ ಮಾದರಿಯಲ್ಲಿ ಪ್ರಾಕ್ಕಲ್ಪನೆ ಬಿದ್ದುಹೋದ ಒಂದು ಪ್ರಬಂಧವನ್ನೂ ನಾನು ಕಂಡಿಲ್ಲ. ನನ್ನ ಅನುಮಾನ ಶುರುವಾಗುವುದೇ ಅಲ್ಲಿಂದ.

ಮೂರನೇ ಸಲಕ್ಕೆ ಗೈಡ್ ಹೇಳಿದರಂತೆ, “ಪುಸ್ತಕ ಆಮೇಲೆ ಓದುವಿಯಂತೆ. ಮೊದಲು ಮಕ್ಕಳ ನೋಟ್‌ಬುಕ್ ತಗೊಂಡು ಬಾ.” ತಂದ ನೋಟ್‌ಬುಕ್ಕುಗಳಲ್ಲಿ ‘ಸೂಯ್ರ’ ಇತ್ತು.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ, ಓದುಗರು ಕ್ಷಮಿಸಬೇಕು. ಅರ್ಕಾವತ್ತು ನನಗೆ ಎಂದಿನಿಂದಲೂ ಸೋಜಿಗದ ವಸ್ತು. ‘ರಾಜ್ಯ’ ಎನ್ನುವಾಗ ಬಾಯಲ್ಲಿ ಮೊದಲು ಜ್, ಆಮೇಲೆ ಯ. ಕೈಯೂ ಮೊದಲು ಜ ಬರೆದು, ಆಮೇಲೆ ಯ ಒತ್ತು ಕೊಡುತ್ತದೆ. ಬಾಯಿ, ಕೈ ಎರಡೂ ಒಂದೇ ದಾರಿ. ‘ಸೂರ್ಯ’ ಎನ್ನುವಾಗ ಬಾಯಲ್ಲಿ ಮೊದಲು ರ್, ಆಮೇಲೆ ಯ. ಕೈ ಮಾತ್ರ ಮೊದಲು ಯ ಬರೆದು, ಬಳಿಕ ಅದರ ಬಲಕ್ಕೆ ರಕಾರದ ಕೊಕ್ಕೆ ಹಾಕಬೇಕು. ಕನ್ನಡದ ಒತ್ತಕ್ಷರಗಳಲ್ಲಿ ಹೀಗೆ ತಿರುವುಮುರುವಾಗುವುದು ಇದೊಂದೇ. ತೆಲುಗಿನಲ್ಲೂ ಇಂಥದೇ ಒಂದು ಗುರುತಿತ್ತು, ‘ವಲಪಲಗಿಲಕ’ ಎಂದು ಅದರ ಹೆಸರು. ಈಗಿನ ತೆಲುಗು ಬರಹ ಅದನ್ನು ಬಿಟ್ಟು, ರ ಬರೆದು ಕೆಳಗೆ ಒತ್ತು ಕೊಡುತ್ತದೆ. ನಾವು ಬಿಡಲಿಲ್ಲ. ಆದರೂ ನಮ್ಮ ಕೆಲವು ಹಿರಿಯರ ಕೈಬರಹದಲ್ಲಿ ರಕಾರದ ಕೆಳಗೆ ಯ ಒತ್ತು ಇಟ್ಟ ‘ಸೂರ್ಯ’ ಈಗಲೂ ಕಾಣುತ್ತದೆ. ದೇವನಾಗರಿಯ ರೇಫವೂ ಮುಂದಿನ ಅಕ್ಷರದ ನೆತ್ತಿಗೆ ಹೋಗಿ ಕೂರುತ್ತದೆ. ಈ ಬಗ್ಗೆ ನಾನು ಇನ್ನೂ ಎರಡು ಪುಟ ಬರೆಯಬಲ್ಲೆ, ಸಂಪಾದಕರು ಬಿಡುವುದಿಲ್ಲ.

ಆ ಹುಡುಗ ‘ಸೂಯ್ರ’ ಎಂದು ಬರೆದಾಗ ಏನು ಮಾಡಿದ್ದ? ಕೈ ಮೊದಲು ಯ ಬರೆಯಬೇಕು, ರ ಆಮೇಲೆ ಬರಬೇಕು ಎಂಬುದು ಅವನಿಗೆ ನೆನಪಿತ್ತು. ರಕಾರಕ್ಕೆ ಎರಡು ಬೇರೆ ಗುರುತುಗಳಿವೆ, ‘ಪತ್ರ’ದಲ್ಲಿ ಕೆಳಗೆ ಬರುವ ಒತ್ತು ಇಲ್ಲಿ ನಡೆಯುವುದಿಲ್ಲ ಎಂಬುದು ನೆನಪಿರಲಿಲ್ಲ. ಹಾಗಾದರೆ ಇದು ಅಜಾಗರೂಕತೆಯ ತಪ್ಪಲ್ಲ, ಕಾರಣವಿರುವ ತಪ್ಪು. ಪ್ರಾಕ್ಕಲ್ಪನೆ ಹುಟ್ಟಬೇಕಾದ್ದು ಇಂಥ ಕಾರಣದಿಂದ.

ಕೊನೆಗೆ ಟೀಚರ್ ಬರೆದ ಪ್ರಶ್ನೆ ಹೀಗಿದೆ: ‘ನಮ್ಮ ಶಾಲೆಯ ನಾಲ್ಕನೇ ತರಗತಿಯ ಮಕ್ಕಳು ಉಕ್ತಲೇಖನದಲ್ಲಿ ಅರ್ಕಾವತ್ತಿನ ಪದಗಳಲ್ಲಿ ಮಾಡುವ ತಪ್ಪು, ಬೇರೆ ವಿಜಾತೀಯ ಒತ್ತಕ್ಷರದ ಪದಗಳಲ್ಲಿ ಮಾಡುವ ತಪ್ಪಿಗಿಂತ ಹೆಚ್ಚೇ? ಹೆಚ್ಚಾದರೆ, ಅವು ಯಾವ ಬಗೆಯವು?’ ಮೊದಲ ಭಾಗಕ್ಕೆ ಪ್ರಾಕ್ಕಲ್ಪನೆ ಇದೆ: ಉಚ್ಚಾರದ ಕ್ರಮವೂ ಬರಹದ ಕ್ರಮವೂ ತಿರುವುಮುರುವಾಗಿರುವುದರಿಂದ ಅರ್ಕಾವತ್ತಿನಲ್ಲಿ ತಪ್ಪು ಹೆಚ್ಚಿರುತ್ತದೆ, ಅದರಲ್ಲೂ ‘ಸೂಯ್ರ’ದಂಥ ಅದಲುಬದಲೇ ಜಾಸ್ತಿ ಇರುತ್ತದೆ. ಈ ಎರಡನೇ ತುಂಡು ನನಗೆ ತುಂಬ ಹಿಡಿಸಿತು. ತಪ್ಪು ಹೆಚ್ಚಿದ್ದೂ ಮಕ್ಕಳು ಬರೀ ‘ಸೂಯ’ ಎಂದು ಒತ್ತನ್ನೇ ನುಂಗಿದ್ದರೆ, ಅಥವಾ ‘ಸೂರಿಯ’ ಎಂದು ಬಿಡಿಸಿ ಬರೆದಿದ್ದರೆ, ಕ್ರಮದ ವಿವರಣೆ ನಿಲ್ಲುವುದಿಲ್ಲ. ಯಾವುದು ಕಂಡರೆ ತಾನು ಸೋತಂತೆ ಎಂದು ಅದು ಮೊದಲೇ ಹೇಳಿಬಿಟ್ಟಿದೆ.

ಇದಕ್ಕೆ ಹೋಲಿಸಿದರೆ ನಮ್ಮ ಪ್ರಬಂಧಗಳ ಖಾಯಂ ಗಿರಾಕಿ ‘ಬಾಲಕರ ಮತ್ತು ಬಾಲಕಿಯರ ನಡುವೆ ಗಮನಾರ್ಹ ವ್ಯತ್ಯಾಸವಿಲ್ಲ’ ಎಂಬ ವಾಕ್ಯ. ವ್ಯತ್ಯಾಸ ಯಾಕಿರಬೇಕು, ಯಾಕಿರಬಾರದು ಎಂದು ಬರೆದವರನ್ನು ಕೇಳಿದರೆ ಉತ್ತರವಿರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಎರಡು ಪಟ್ಟಿ ಇತ್ತು, ಹೋಲಿಸಿದರು. ಟೀಚರ್‌ಗೂ ಇಂಥ ಆಸೆ ಇತ್ತು. ತರಗತಿಯಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳಿದ್ದಾರೆ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಮನೆಮಾತಿನ ಪ್ರಭಾವ ನೋಡಬಹುದಲ್ಲ? ಒಳ್ಳೆಯ ಪ್ರಶ್ನೆಯೇ, ಆದರೆ 28 ಮಕ್ಕಳನ್ನು ಐದು ಭಾಗ ಮಾಡಿದರೆ ಒಂದೊಂದರಲ್ಲಿ ಐದಾರು ಜನ ಉಳಿಯುತ್ತಾರೆ. ಅವರಲ್ಲಿ ಇಬ್ಬರು ಜಾಣರಿದ್ದರೆ ಲೆಕ್ಕ ಬುಡಮೇಲು. ಗೈಡ್ ಆ ಪ್ರಶ್ನೆಯನ್ನು ಹೊಡೆದುಹಾಕಿದರು. ಈಗಿರುವ ಪ್ರಶ್ನೆಯಲ್ಲಿ ಪ್ರತಿ ಮಗುವನ್ನೂ ಅದರ ಜೊತೆಗೇ ಹೋಲಿಸುವುದರಿಂದ, ಮಗುವಿನ ಮನೆಮಾತು, ಜಾಣತನ, ಟ್ಯೂಷನ್ ಎಲ್ಲ ಎರಡೂ ಬಗೆಯ ಪದಗಳಿಗೆ ಸಮನಾಗಿ ತಗಲುತ್ತವೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ಶಿಕ್ಷಕರೇ ತಮ್ಮ ತರಗತಿಯನ್ನು ಅಧ್ಯಯನ ಮಾಡುವ ಕ್ರಿಯಾ ಸಂಶೋಧನೆಗೆ ಅಮೆರಿಕದ ಸ್ಟೀಫನ್ ಕೋರಿ 1953ರಲ್ಲೇ ಪುಸ್ತಕ ಬರೆದಿದ್ದರು. ನಮ್ಮಲ್ಲಿ ಅದು ಡಯಟ್‌ಗಳ ಮೂಲಕ, ಬಿ.ಎಡ್. ಪಠ್ಯದ ಮೂಲಕ ಎಲ್ಲರಿಗೂ ಪರಿಚಿತ. ಕನ್ನಡ ಅಕ್ಷರ ಕಲಿಕೆಯ ಮೇಲೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೊಸಬರು ನೋಡಬೇಕಾದ್ದು. ಅವರ ಪ್ರಶ್ನೆ ಎಷ್ಟು ಸರಳ ನೋಡಿ: ಕನ್ನಡದ ಮಕ್ಕಳು ಅಕ್ಷರಗಳನ್ನು ಯಾವ ವೇಗದಲ್ಲಿ ಕಲಿಯುತ್ತಾರೆ? ಮೂಲಾಕ್ಷರಗಳಿಗೆ ಕಾಗುಣಿತ ಸೇರಿದರೇ ನಾನ್ನೂರು ದಾಟುವ ನಮ್ಮ ಅಕ್ಷರಮಾಲೆಯ ಕಲಿಕೆ ಮೂರನೇ, ನಾಲ್ಕನೇ ತರಗತಿವರೆಗೂ ಎಳೆಯುತ್ತದೆ ಎಂದು ಅದು ತೋರಿಸಿತು. ಟೀಚರ್ ನಾಲ್ಕನೇ ತರಗತಿಯನ್ನೇ ಆರಿಸಿಕೊಂಡದ್ದಕ್ಕೆ ಅದೂ ಒಂದು ಆಧಾರ.

ಮತ್ತೆ ಸ್ಟಾಫ್ ರೂಮಿಗೆ. ಪದಗಳ ಪಟ್ಟಿ ಮಾಡುವುದರಲ್ಲೇ ಅವರಿಗೆ ಎರಡು ವಾರ ಹಿಡಿಯಿತು. ಎಂಟು ಜೋಡಿ ಬೇಕು, ಎಲ್ಲವೂ ಒಂದರಿಂದ ಮೂರನೇ ತರಗತಿಯ ಪಠ್ಯದಲ್ಲಿ ಬಂದಿರಬೇಕು, ಅಕ್ಷರಗಳ ಸಂಖ್ಯೆ ಸಮ ಇರಬೇಕು. ಸೂರ್ಯಕ್ಕೆ ರಾಜ್ಯ, ಪರ್ವತಕ್ಕೆ ಪುಸ್ತಕ, ಸರ್ಪಕ್ಕೆ ಹಸ್ತ. ‘ದೀರ್ಘ’ವನ್ನು ಕೈಬಿಟ್ಟರು. ಮಗು ಅಲ್ಲಿ ಎಡವಿದರೆ ಮಹಾಪ್ರಾಣಕ್ಕೋ, ಅರ್ಕಾವತ್ತಿಗೋ ತಿಳಿಯುವುದಿಲ್ಲ. ‘ವರ್ಷ’ವೂ ಹೋಯಿತು, ಶ–ಷ ಗೊಂದಲದಿಂದ. ಪದಗಳನ್ನು ಟೀಚರ್ ಖುದ್ದು ಹೇಳುವಂತಿಲ್ಲ. ಗೊತ್ತಿಲ್ಲದೆಯೇ ‘ಸೂರ್…ಯ’ ಎಂದು ಎಳೆದು ಸುಳಿವು ಕೊಟ್ಟಾರು. ಬೇರೆ ಶಾಲೆಯ ಗೆಳತಿಯೊಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟಿದ್ದಾರೆ. ರಕಾರದ ಕೆಳಗೆ ಯ ಒತ್ತು ಇಟ್ಟು ಯಾರಾದರೂ ಬರೆದರೆ? ಆ ಬಗ್ಗೆ ಅರ್ಧ ದಿನ ವಾದ ನಡೆಯಿತಂತೆ. ಧ್ವನಿಯ ಕ್ರಮ ಸರಿಯಿರುವುದರಿಂದ ಅದು ತಪ್ಪಲ್ಲ, ಆದರೆ ಬೇರೆಯಾಗಿ ಎಣಿಸುವುದು ಎಂದು ತೀರ್ಮಾನ. ಇದನ್ನು ಉತ್ತರ ಪತ್ರಿಕೆ ಕೈಗೆ ಬಂದಮೇಲೆ ತೀರ್ಮಾನಿಸಿದ್ದರೆ, ತಮಗೆ ಬೇಕಾದ ಕಡೆಗೆ ವಾಲುವುದು ಸುಲಭವಿತ್ತು.

ಲೆಕ್ಕವೂ ಹೆದರುವಂಥದಲ್ಲ. ಊಹೆಗೆ ಹೇಳುತ್ತೇನೆ: 28 ಮಕ್ಕಳಲ್ಲಿ ಎಂಟು ಮಂದಿ ಎರಡೂ ಬಗೆಯಲ್ಲಿ ಸಮ ತಪ್ಪು ಮಾಡಿದರು ಎನ್ನಿ, ಅವರನ್ನು ಬದಿಗಿಡಿ. ಉಳಿದವರು ಇಪ್ಪತ್ತು. ಅರ್ಕಾವತ್ತಿಗೂ ಬೇರೆ ಒತ್ತುಗಳಿಗೂ ಕಷ್ಟದಲ್ಲಿ ವ್ಯತ್ಯಾಸವೇ ಇಲ್ಲ ಎಂಬುದು ಶೂನ್ಯ ಪ್ರಾಕ್ಕಲ್ಪನೆ. ಅದು ನಿಜವಾದರೆ ಪ್ರತಿ ಮಗುವೂ ಒಂದು ನಾಣ್ಯ ಚಿಮ್ಮಿದ ಹಾಗೆ, ಹತ್ತು ಆ ಕಡೆ, ಹತ್ತು ಈ ಕಡೆಯ ಆಸುಪಾಸಿನಲ್ಲಿ ಬೀಳಬೇಕು. ಹನ್ನೆರಡು ಮಕ್ಕಳು ಅರ್ಕಾವತ್ತಿನಲ್ಲಿ ಹೆಚ್ಚು ಎಡವಿದ್ದರೆ ಹಿಗ್ಗುವಂತಿಲ್ಲ. ಇಪ್ಪತ್ತು ಸಲ ನಾಣ್ಯ ಚಿಮ್ಮಿದರೆ ಹನ್ನೆರಡು ಅಥವಾ ಹೆಚ್ಚು ತಲೆ ಬೀಳುವುದು ನಾಲ್ಕಕ್ಕೊಂದು ಸಲ ನಡೆಯುವ ಸಂಗತಿ. ಹದಿನೈದು ಮಕ್ಕಳಾದರೆ ಬೇರೆ ಮಾತು, ಹದಿನೈದು ಅಥವಾ ಹೆಚ್ಚು ತಲೆ ನೂರಕ್ಕೆ ಸುಮಾರು ಎರಡು ಸಲ ಮಾತ್ರ. ಆದರೆ ಯಾವ ಕಡೆ ಹೆಚ್ಚು ಎಂದು ಮುಂಚೆಯೇ ಬರೆದಿಟ್ಟವರಿಗೆ ಮಾತ್ರ ಈ ಲೆಕ್ಕ. ಫಲಿತಾಂಶ ನೋಡಿ ಪ್ರಾಕ್ಕಲ್ಪನೆ ಬರೆದವರಿಗಲ್ಲ. ಹದಿನೈದೇ ಬಂದರೂ ‘ಬೆಂಗಳೂರಿನ ಮಕ್ಕಳು’ ಎಂದು ಬರೆಯುವ ಹಾಗಿಲ್ಲ. ಅದು ಆ ಶಾಲೆಯ, ಆ ತರಗತಿಯ, ಆ ಹದಿನಾರು ಪದಗಳ ಮಾತು.

ಪ್ರಶ್ನೆಯ ಕೊನೆಯ ತುದಿಗೆ, ಅಂದರೆ ತಪ್ಪಿನ ಉಳಿದ ಬಗೆಗಳಿಗೆ, ಅವರು ಪ್ರಾಕ್ಕಲ್ಪನೆ ಬರೆದಿಲ್ಲ. ಊಹಿಸಲು ಆಧಾರವಿಲ್ಲದ ಕಡೆ ಪ್ರಶ್ನೆಯಾಗಿಯೇ ಇರಲಿ ಎಂದರಂತೆ ಗೈಡ್. ಪ್ರತಿ ಪ್ರಶ್ನೆಗೂ ಒಂದು ಪ್ರಾಕ್ಕಲ್ಪನೆ ಹೊಂದಿಸಲೇಬೇಕೆಂಬ ನಮ್ಮ ರೂಢಿಗೆ ಇದು ವಿರುದ್ಧ, ನನ್ನ ಪ್ರಕಾರ ಸರಿ.

ದಸರಾ ರಜೆ ಮುಗಿದ ಎರಡನೇ ವಾರಕ್ಕೆ ಉಕ್ತಲೇಖನ ನಿಗದಿಯಾಗಿದೆ. ಪ್ರಶ್ನೆ, ಪ್ರಾಕ್ಕಲ್ಪನೆ, ಎಣಿಕೆಯ ನಿಯಮ ಬರೆದ ಹಾಳೆ ತಾರೀಖು, ಸಹಿಯೊಂದಿಗೆ ಗೈಡ್ ಬಳಿ ಇದೆ. ಶೀರ್ಷಿಕೆಯೂ ಬದಲಾಗಿದೆ. ಕೊನೆಯ ‘ಒಂದು ಅಧ್ಯಯನ’ ಮಾತ್ರ ಹಾಗೇ ಉಳಿದಿದೆ. ಅದಿಲ್ಲದಿದ್ದರೆ ಪ್ರಬಂಧದಂತೆ ಕಾಣುವುದಿಲ್ಲ ಎನ್ನುತ್ತಾರೆ ಟೀಚರ್.