‘ರಸ್ತೆ ಅಗಲ ಇದ್ದರೆ ಎಡಗಡೆಯಿಂದ’: ಎಲ್‌ಎಲ್ ಪರೀಕ್ಷೆಯ ಒಂದು ತಪ್ಪು ಉತ್ತರ ಮತ್ತು ನೆಲ್ಯಾಡಿಯ ಹೆದ್ದಾರಿ

ಎಲ್‌ಎಲ್ ಪರೀಕ್ಷೆಗೆ ತಯಾರಿ ಮಾಡಿದವರಿಗೆ ಈ ಪ್ರಶ್ನೆ ನೆನಪಿರಬಹುದು: ಮುಂದೆ ಹೋಗುತ್ತಿರುವ ವಾಹನವನ್ನು ಯಾವ ಕಡೆಯಿಂದ ಹಿಂದಿಕ್ಕಬಹುದು? ಆಯ್ಕೆ ಮೂರು. ಬಲಗಡೆಯಿಂದ, ಎಡಗಡೆಯಿಂದ, ರಸ್ತೆ ಅಗಲ ಇದ್ದರೆ ಎಡಗಡೆಯಿಂದ. ಸರಿಯುತ್ತರ ಬಲಗಡೆ. ಬಹುತೇಕ ಎಲ್ಲರೂ ಸರಿಯಾಗಿಯೇ ಒತ್ತುತ್ತಾರೆ, ಪಾಸ್ ಆಗ್ತಾರೆ. ಆಮೇಲೆ ರಸ್ತೆಗಿಳಿದು ಮೂರನೆಯ ಆಯ್ಕೆಯ ಪ್ರಕಾರ ಗಾಡಿ ಓಡಿಸ್ತಾರೆ.

ಯಾಕೆ ಅಂದರೆ, ಎಡಗಡೆ ಯಾಕೆ ಬೇಡ ಎಂದು ಅವರಿಗೆ ಯಾರೂ ಹೇಳಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ (1989) 11ನೇ ನಿಯಮ ಈ ಪ್ರಾಥಮಿಕ ಪರೀಕ್ಷೆಯಲ್ಲಿ ಏನೇನು ಇರಬೇಕು ಎಂದು ಹೇಳುತ್ತದೆ: ಸಂಚಾರ ಚಿಹ್ನೆ ಮತ್ತು ರಸ್ತೆ ನಿಯಮ, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರ, ಜೊತೆಗಿರಬೇಕಾದ ದಾಖಲೆ. ಲಾರಿ ಡ್ರೈವರಿಗೆ ನೀವು ಎಲ್ಲಿದ್ದರೆ ಕಾಣುವುದಿಲ್ಲ ಎಂಬುದು ಆ ಪಟ್ಟಿಯಲ್ಲಿ ಪ್ರತ್ಯೇಕ ವಿಷಯವಾಗಿ ಇಲ್ಲವೇ ಇಲ್ಲ. ಮಂಗಳೂರು–ಬೆಂಗಳೂರು ಹೆದ್ದಾರಿ ಪೇಟೆಯ ನಡುವೆಯೇ ಹಾದುಹೋಗುವ ನೆಲ್ಯಾಡಿಯಂಥ ಊರಿನ ಹುಡುಗ ಹುಡುಗಿಯರಿಗೆ ಮೊದಲು ಗೊತ್ತಿರಬೇಕಾದದ್ದು ಅದೇ.

ಒಂದು ಸಂದರ್ಭ ಊಹಿಸಿಕೊಳ್ಳಿ. ಮಂಗಳೂರಿನ ಬಂದರಿನಿಂದ ಹೊರಟ ಕಂಟೇನರ್ ಟ್ರೈಲರ್ ಉಪ್ಪಿನಂಗಡಿ ದಾಟಿ ನೆಲ್ಯಾಡಿ ಪೇಟೆಗೆ ನಿಧಾನಕ್ಕೆ ಬರುತ್ತಿದೆ. ಹಿಂದೆ ಸ್ಕೂಟಿಯಲ್ಲಿ ಒಬ್ಬಳು ಕಾಲೇಜು ಹುಡುಗಿ. ಟ್ರೈಲರ್ ಎಡಕ್ಕೆ ತಿರುಗಿ ಹೋಟೆಲ್ ಎದುರು ನಿಲ್ಲಬೇಕು. ಉದ್ದದ ಗಾಡಿ ಆದ್ದರಿಂದ ಡ್ರೈವರ್ ಎಡಕ್ಕೆ ತಿರುಗುವ ಮೊದಲು ಸ್ವಲ್ಪ ಬಲಕ್ಕೆ ಎಳೀತಾನೆ. ಅದು ಅವನ ತಪ್ಪಲ್ಲ, ಹಾಗೆ ಮಾಡದಿದ್ದರೆ ಹಿಂದಿನ ಚಕ್ರ ಮೂಲೆಯ ಮೇಲೆ ಹತ್ತುತ್ತದೆ. ಆದರೆ ಹುಡುಗಿಗೆ ಕಾಣುವುದು ಏನು? ಲಾರಿ ಬಲಕ್ಕೆ ಸರಿಯಿತು, ಎಡಗಡೆ ಜಾಗ ತೆರೆಯಿತು. ‘ರಸ್ತೆ ಅಗಲ ಇದೆ’. ಅವಳು ನುಗ್ಗುತ್ತಾಳೆ.

ನಮ್ಮಲ್ಲಿ ಡ್ರೈವರ್ ಕೂರುವುದು ಬಲಗಡೆ. ಎತ್ತರದ ಕ್ಯಾಬಿನ್, ಎಡ ಬಾಗಿಲಿನ ಗಾಜು ಶುರುವಾಗುವುದೇ ಸ್ಕೂಟಿಯವಳ ತಲೆಗಿಂತ ಮೇಲೆ. ಎಡ ಮುಂಚಕ್ರದ ಪಕ್ಕ ಅವಳು ಇದ್ದರೆ ಗಾಜಿನಲ್ಲಿ ಕಾಣುವುದಿಲ್ಲ. ಕನ್ನಡಿ ತೋರಿಸುವುದು ಹಿಂದಿನದನ್ನು, ಬಾಗಿಲಿನ ಬುಡವನ್ನಲ್ಲ. ಕ್ಯಾಬಿನ್ ಎಡಕ್ಕೆ ತಿರುಗುತ್ತಿದ್ದಂತೆ ಆ ಕನ್ನಡಿಯ ತುಂಬಾ ಟ್ರೈಲರಿನ ಮೈಯೇ ತುಂಬಿಕೊಳ್ಳುತ್ತದೆ. ಇನ್ನೊಂದು ಸಂಗತಿ: ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರದ ಜಾಡಿನಲ್ಲೇ ಬರುವುದಿಲ್ಲ, ಒಳಗಡೆಗೆ ಒತ್ತಿಕೊಂಡು ಬರ್ತವೆ. ಅಂದರೆ ಅವಳು ನುಗ್ಗಿದ ಜಾಗ ಹಿಂದಿನಿಂದ ಮುಚ್ಚುತ್ತಾ ಬರುತ್ತದೆ. ಹಾರ್ನ್ ಹೊಡೆದರೂ ಡ್ರೈವರಿಗೆ ಅದು ಎಲ್ಲಿಂದ ಬಂತು ಎಂದು ಗೊತ್ತಾಗುವುದು ಕಷ್ಟ.

ಎದುರಿನ ವಾಹನ ಬಲಕ್ಕೆ ತಿರುಗುವುದಾಗಿ ಸಿಗ್ನಲ್ ಕೊಟ್ಟು ರಸ್ತೆಯ ನಡುವಿಗೆ ಬಂದಿದ್ದರೆ ಎಡದಿಂದ ಹೋಗಲು ನಿಯಮ ಬಿಡುತ್ತದೆ. ಆದರೆ ಇಂಡಿಕೇಟರ್ ನೋಡದೆ ಬರೀ ಖಾಲಿ ಜಾಗ ನೋಡಿ ಹೋದರೆ ಮೇಲಿನ ಕಥೆಯೇ. ಪರೀಕ್ಷೆ ಸುಲಭ: ಲಾರಿಯ ಕನ್ನಡಿಯಲ್ಲಿ ಡ್ರೈವರಿನ ಮುಖ ನಿಮಗೆ ಕಾಣುತ್ತಿಲ್ಲ ಅಂದರೆ ನೀವು ಅವನಿಗೆ ಕಾಣುತ್ತಿಲ್ಲ. ಕಂಡರೂ ಅವನು ಆ ಹೊತ್ತಿಗೆ ನೋಡ್ತಿದ್ದಾನೆ ಎಂದೇನಿಲ್ಲ, ಅದು ಬೇರೆ ಮಾತು. ಲಾರಿಯ ಬೆನ್ನಿಗೇ ಅಂಟಿಕೊಂಡರೆ ಎರಡೂ ಕನ್ನಡಿ ಮಾಯ. ಮುಂದಿನ ವಾಹನ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ತಲುಪಲು ಎರಡು ಸೆಕೆಂಡಾದರೂ ಆಗಬೇಕು. 50 ಕಿ.ಮೀ. ವೇಗದಲ್ಲಿ ಅದು ಸುಮಾರು 28 ಮೀಟರ್. ಮಳೆಯಲ್ಲಿ ಇನ್ನೂ ಹೆಚ್ಚು ಬೇಕು.

ಸರಿ, ಬಲಗಡೆಯಿಂದಲೇ ಹೋಗ್ತೇವೆ ಅನ್ನುವಿರಾ? ಲೆಕ್ಕ ಹಾಕಿ. ಟ್ರೈಲರ್ 16 ಮೀಟರ್ ಉದ್ದ, 40ರಲ್ಲಿ ಹೋಗ್ತಿದೆ. ನೀವು 60ರಲ್ಲಿ. ಹಿಂದೆ 15 ಮೀಟರ್ ಇರುವಾಗ ಹೊರಟು, ಮುಂದೆ 15 ಮೀಟರ್ ಬಿಟ್ಟು ಒಳಗೆ ಬರಬೇಕು. ನಿಮ್ಮ ಗಾಡಿಯ ಉದ್ದವೂ ಸೇರಿ 48 ಮೀಟರ್ ಹೆಚ್ಚು ಓಡಬೇಕು. ಗಂಟೆಗೆ 20 ಕಿ.ಮೀ. ವ್ಯತ್ಯಾಸದಲ್ಲಿ ಇದಕ್ಕೆ ಎಂಟೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ನೀವು 144 ಮೀಟರ್ ಹೋಗಿರ್ತೀರಿ, ಎದುರಿನಿಂದ ಅದೇ ವೇಗದಲ್ಲಿ ಬರುವ ಬಸ್ಸೂ 144 ಮೀಟರ್ ಬಂದಿರುತ್ತದೆ. ಅಂದರೆ ದ್ವಿಮುಖ ರಸ್ತೆಯಲ್ಲಿ ಹೊರಡುವಾಗಲೇ ಹತ್ತಿರ ಹತ್ತಿರ 300 ಮೀಟರ್ ಖಾಲಿ ಕಾಣಬೇಕು. ಗುಂಡ್ಯದಿಂದ ಮುಂದೆ ಶಿರಾಡಿಯ ತಿರುವುಗಳಲ್ಲಿ ಅಷ್ಟು ಉದ್ದ ಎಷ್ಟು ಕಡೆ ಕಾಣುತ್ತದೆ ಎಂದು ನೀವೇ ನೋಡಿ ಬನ್ನಿ. ಎದುರಿನ ರಸ್ತೆ ಸ್ಪಷ್ಟವಾಗಿ ಕಾಣದಿದ್ದಾಗ ಹಿಂದಿಕ್ಕಬಾರದು ಎಂಬ ಉತ್ತರದ ಹಿಂದಿರುವುದು ಈ ಲೆಕ್ಕ.

ಹಾಗಾದರೆ ರಸ್ತೆಯಲ್ಲಿ ಎಲ್ಲಿ ಇರಬೇಕು? ‘ಎಡಕ್ಕೆ ಇರು’ ಎಂದು ಕಲಿಸ್ತಾರೆ, ಹುಡುಗರು ಅದನ್ನು ಡಾಂಬರಿನ ಅಂಚು ಅಂತ ತಿಳೀತಾರೆ. ಅಂಚಿನಲ್ಲಿ ಜಲ್ಲಿ, ಕೆಸರು, ಡಾಂಬರು ಮುಗಿದು ಮಣ್ಣಿಗೆ ಇಳಿಯುವ ಮೆಟ್ಟಿಲು. ಚಕ್ರ ಒಮ್ಮೆ ಕೆಳಗಿಳಿದರೆ ಓರೆಯಾಗಿ ಮೇಲೆ ಹತ್ತಿಸಲು ಹೋದಾಗ ಟೈರು ಆ ಅಂಚನ್ನೇ ಉಜ್ಜಿಕೊಂಡು ಗಾಡಿ ರಸ್ತೆಯ ಕಡೆಗೆ ಮಗುಚುತ್ತದೆ. ಹಾಗೆ ಇಳಿದರೆ ಮೊದಲು ನಿಧಾನಿಸಿ, ಹಿಂದೆ ನೋಡಿ, ಅಂಚು ತಗ್ಗಿರುವಲ್ಲಿ ಆದಷ್ಟು ನೇರವಾಗಿ ಹತ್ತಿಸಬೇಕು. ನಿಮ್ಮ ಪಥದಲ್ಲಿ ಕಾರಿನ ಎಡಚಕ್ರ ಓಡುವ ಜಾಡು ಸಾಮಾನ್ಯವಾಗಿ ಒಳ್ಳೆಯ ಜಾಗ. ಕಲ್ಲು ಮಣ್ಣು ಕಡಿಮೆ, ಹಿಂದಿನವರಿಗೂ ನೀವು ಕಾಣ್ತೀರಿ. ಅಲ್ಲಿಂದ ಪಕ್ಕಕ್ಕೆ ಸರಿಯುವ ಮೊದಲು ಕನ್ನಡಿ ಮಾತ್ರ ಸಾಲದು, ಭುಜದ ಮೇಲಿಂದ ಒಮ್ಮೆ ಕತ್ತು ತಿರುಗಿಸಬೇಕು. ಸ್ಕೂಟಿಯ ಕನ್ನಡಿಗೂ ಕುರುಡು ಜಾಗ ಇದೆ.

ಚತುಷ್ಪಥದ ಕೆಲಸ ವರ್ಷಗಟ್ಟಲೆ ನಡೆದ ಈ ರಸ್ತೆಯಲ್ಲಿ ಜಾಡೇ ದಿನಕ್ಕೊಂದು ಕಡೆ ಬದಲಾಗುವುದನ್ನು ಇಲ್ಲಿಯ ಸವಾರರು ಕಂಡಿದ್ದಾರೆ. ಅದರ ಹೊಣೆ ಸವಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬಸ್ಸಿನ ಹಿಂದೆ ನಡಿಗೆಯ ವೇಗದಲ್ಲಿ ತೆವಳುವಾಗ ಬ್ಯಾಲೆನ್ಸ್ ಹಿಡಿಯಬೇಕಾದವರು ಅವರೇ. ಡ್ರೈವಿಂಗ್ ಟೆಸ್ಟಿನಲ್ಲಿ ‘8’ ಹಾಕಿಸುವುದು ಇದಕ್ಕೇ, ಖಾಲಿ ಮೈದಾನದಲ್ಲಿ. ಉಪಾಯ ಎರಡೂ ಕಡೆ ಒಂದೇ: ಹಿಂಬ್ರೇಕನ್ನು ಹಗುರವಾಗಿ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇರುವುದು, ಕಣ್ಣು ಮುಂಚಕ್ರದ ಮೇಲಲ್ಲ, ದೂರದಲ್ಲಿ. ಹ್ಯಾಂಡಲ್ ತಿರುಗಿರುವಾಗ ಮುಂಬ್ರೇಕ್ ಜೋರಾಗಿ ಹಿಡಿದರೆ ಗಾಡಿ ಬಿದ್ದಂತೆಯೇ. 2019ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಹೆಚ್ಚಾಗಿ ಸಿಬಿಎಸ್ ಬರುತ್ತದೆ. ಆ ಸ್ಕೂಟಿಗಳಲ್ಲಿ ಎಡ ಲಿವರ್ ಹಿಡಿದರೆ ಮುಂದಿನದೂ ಸೇರಿಯೇ ಹಿಡಿಯುತ್ತದೆ, ಅದಕ್ಕೇ ಕೈ ಹಗುರ ಇರಲಿ. ಸಿಬಿಎಸ್ ಎಂದರೆ ಎಬಿಎಸ್ ಅಲ್ಲ, ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗುವುದನ್ನು ಅದು ತಪ್ಪಿಸುವುದಿಲ್ಲ.

ಹೆಲ್ಮೆಟ್ ಪ್ರಶ್ನೆಗೆ ಎಲ್ಲರಿಗೂ ಉತ್ತರ ಗೊತ್ತು, ಹಿಂದೆ ಕೂತವರ ವಿಷಯ ಬಂದಾಗ ಮಾತ್ರ ಮರೆತುಹೋಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂಬದಿ ಸವಾರರು. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಹೇಳುತ್ತದೆ, ಪಟ್ಟಿ ಬಿಗಿದಿರಬೇಕು ಎಂದೂ ಹೇಳುತ್ತದೆ. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂದಿದೆಯಾ ನೋಡಿ. ಪಟ್ಟಿ ಹಾಕಿ ಹಿಂದಿನಿಂದ ಮೇಲಕ್ಕೆ ತಳ್ಳಿ. ಕಳಚಿ ಮುಂದಕ್ಕೆ ಬಂದರೆ ಸೈಜ್ ದೊಡ್ಡದು, ಇಲ್ಲವೇ ಪಟ್ಟಿ ಸಡಿಲ. ಒಮ್ಮೆ ಬಿದ್ದು ಪೆಟ್ಟಾದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗೇ ಕಂಡರೂ ಒಳಗಿನ ಥರ್ಮೊಕೋಲ್ ಅಮುಕಿಕೊಂಡಿರುತ್ತದೆ, ಎರಡನೇ ಪೆಟ್ಟನ್ನು ಅದೇ ಜಾಗದಲ್ಲಿ ಅದು ತಡೆಯುವುದಿಲ್ಲ. ಅದನ್ನು ಹಿಂದೆ ಕೂರುವ ತಂಗಿಗೆ ಕೊಡಬೇಡಿ.