ಸಿಂಗಾರ ಕಳಚಿದ ಇಮೇಲ್

ಬಣ್ಣ, ಚಿತ್ರ, ಗುಂಡಿಗಳಿರುವ ಇಮೇಲ್ ಸುದ್ದಿಪತ್ರದ ಜೊತೆಯಲ್ಲೇ ಸಾಮಾನ್ಯವಾಗಿ ಅದರ ಬರೀ ಅಕ್ಷರದ ಪ್ರತಿಯೂ ಹೋಗುತ್ತದೆ. ಎರಡನ್ನೂ `multipart/alternative` ಎಂಬ ಒಂದೇ ಕಟ್ಟಿನಲ್ಲಿ ಇಡುತ್ತಾರೆ. ಸರಳ ಪ್ರತಿ ಮೊದಲು, ಸಿಂಗಾರದ್ದು ಕೊನೆಗೆ ಎಂಬುದು 1996ರ ನಿಯಮ. ಓದುವ ತಂತ್ರಾಂಶ ತನಗೆ ಅರ್ಥವಾಗುವ ಪ್ರತಿಗಳಲ್ಲಿ ಕೊನೆಯದನ್ನು ತೋರಿಸುತ್ತದೆ. ಚಿತ್ರ, ಬಣ್ಣ ಬೇಡವೆಂದು ಆರಿಸಿಕೊಂಡವರಿಗೆ ಸರಳ ಪ್ರತಿಯೇ ಪತ್ರ.

ಸುದ್ದಿಪತ್ರ ಕಳಿಸುವ ಅನೇಕ ಸೇವೆಗಳು ಈ ಪ್ರತಿಯನ್ನು ತಾವೇ ತಯಾರಿಸಿಬಿಡುತ್ತವೆ. ಅದನ್ನು ನಂಬಿ ಕೂರಬಾರದು. ‘ಇಲ್ಲಿ ಒತ್ತಿ’ ಉಳಿದು ಕೊಂಡಿ ಮಾಯವಾಗಿರಬಹುದು. ಚಿತ್ರದೊಳಗೆ ಬರೆದಿದ್ದ ದಿನಾಂಕವಂತೂ ಬರುವುದೇ ಇಲ್ಲ. ಗ್ರಂಥಾಲಯವೊಂದರ ತಿಂಗಳ ಪತ್ರವನ್ನು ಕೈಯಾರೆ ಬರೆದರೆ ಹೀಗಿರುತ್ತದೆ:

```
ಈ ಪತ್ರದಲ್ಲಿ: ಹೊಸ ಪುಸ್ತಕಗಳು, ಮಕ್ಕಳ ಕಥೆ


1. ಹೊಸ ಪುಸ್ತಕಗಳು

ಕಾದಂಬರಿ ವಿಭಾಗಕ್ಕೆ ಹನ್ನೆರಡು ಪುಸ್ತಕ ಬಂದಿವೆ.

ಪುಸ್ತಕಗಳ ಪಟ್ಟಿ:
https://example.org/pustaka


2. ಮಕ್ಕಳ ಕಥೆ
```

ಇಂಗ್ಲಿಷಿನವರು ಶೀರ್ಷಿಕೆಯನ್ನು ದೊಡ್ಡಕ್ಷರದಲ್ಲಿ ಬರೆದು ಎದ್ದು ಕಾಣಿಸುತ್ತಾರೆ. ನಮ್ಮಲ್ಲಿ ಆ ಸೌಕರ್ಯವಿಲ್ಲ. ಕೆಳಗೆ ಅಡ್ಡಗೆರೆಗಳ ಸಾಲು ಹಾಕಿದರೆ ಅದು ಕನ್ನಡ ಶೀರ್ಷಿಕೆಯ ಅಗಲಕ್ಕೆ ಹೊಂದುವುದಿಲ್ಲ. ಪರದೆ ಓದಿಸಿಕೊಂಡು ಕೇಳುವ ಅಂಧರಿಗೆ ಒಂದೊಂದು ಗೆರೆಯ ಹೆಸರೂ ಕೇಳಿಸಬಹುದು. ಆದ್ದರಿಂದ ಸಂಖ್ಯೆ ಮತ್ತು ಖಾಲಿ ಜಾಗವೇ ಲೇಸು. ಶೀರ್ಷಿಕೆಯ ಮೇಲೆ ಎರಡು ಸಾಲು ಬಿಡಿ, ಕೆಳಗೆ ಒಂದು. ಆಗ ಅದು ಯಾವ ಬರಹದ ಶೀರ್ಷಿಕೆ ಎಂಬುದು ಕಣ್ಣಿಗೇ ತಿಳಿಯುತ್ತದೆ.

ಕೊಂಡಿ ಏನೆಂಬುದನ್ನು ಮೊದಲು ಹೇಳಿ, ವಿಳಾಸವನ್ನು ಮುಂದಿನ ಸಾಲಿನಲ್ಲಿ ಒಂಟಿಯಾಗಿ ಬಿಡಿ. ಕೊನೆಗೆ ಪೂರ್ಣವಿರಾಮವೂ ಬೇಡ. ವಾಕ್ಯದ ನಡುವೆ ವಿಳಾಸ ಬರೆದು ನಾವು ಅಭ್ಯಾಸಬಲದಿಂದ ‘-ದಲ್ಲಿ’, ‘-ಕ್ಕೆ’ ಅಂಟಿಸಿಬಿಡುತ್ತೇವೆ. ಕೆಲವು ತಂತ್ರಾಂಶಗಳು ಆ ಪ್ರತ್ಯಯವನ್ನೂ ವಿಳಾಸದ ಭಾಗವೆಂದೇ ತಿಳಿಯುತ್ತವೆ. ಒತ್ತಿದರೆ ಪುಟ ಸಿಗುವುದಿಲ್ಲ.

ಸಾಲಿಗೆ 78 ಅಕ್ಷರ ಮೀರದಿರಲಿ ಎಂಬ ಹಳೆಯ ಸಲಹೆಯೊಂದಿದೆ. ಕನ್ನಡಕ್ಕೆ ಆ ಲೆಕ್ಕ ಒಗ್ಗುವುದಿಲ್ಲ: ‘ಸ್ತ್ರೀ’ ಕಣ್ಣಿಗೆ ಒಂದಕ್ಷರ, ಯುನಿಕೋಡಿನಲ್ಲಿ ಆರು ಸಂಕೇತ, ಯುಟಿಎಫ್-8ರಲ್ಲಿ 18 ಬೈಟು. ನಡುನಡುವೆ ಎಂಟರ್ ಒತ್ತಿ ಸಾಲು ಮುರಿದರೆ ಮೊಬೈಲಿನ ಕಿರಿದಾದ ಪರದೆಯಲ್ಲಿ ಒಂದು ಸಾಲು ಉದ್ದ, ಮುಂದಿನದು ಎರಡೇ ಪದ ಎಂಬಂತಾಗುತ್ತದೆ. ಪ್ಯಾರಾ ಮುಗಿಯುವವರೆಗೆ ಬರೆಯುತ್ತ ಹೋಗಿ. ಕಳಿಸುವ ತಂತ್ರಾಂಶ `base64` ಅಥವಾ `quoted-printable` ರೂಪಕ್ಕೆ ತಿರುಗಿಸಿ ಸಾಗಿಸುತ್ತದೆ.

ಮೊದಲು ನಿಮಗೇ ಕಳಿಸಿಕೊಂಡು ನೋಡಿ. ಥಂಡರ್‌ಬರ್ಡ್‌ನಲ್ಲಿ `View > Message Body As > Plain Text` ಆರಿಸಿದರೆ ಸರಳ ಪ್ರತಿ ಕಾಣುತ್ತದೆ. ಪತ್ರ ಬೇಡವೆನ್ನುವವರಿಗೆ ಬೇಕಾದ ಕೊಂಡಿ ಅದರಲ್ಲೂ ಇದೆಯೇ ನೋಡಿಕೊಳ್ಳಿ. ಕೊನೆಗಳಿಗೆಯಲ್ಲಿ ಕಾರ್ಯಕ್ರಮದ ದಿನ ಬದಲಾದರೆ ಎಲ್ಲರೂ ಚಿತ್ರದ ಪ್ರತಿಯನ್ನಷ್ಟೇ ತಿದ್ದುತ್ತಾರೆ. ಕೈಯಾರೆ ಬರೆದ ಸರಳ ಪ್ರತಿ ಹಳೆಯ ದಿನಾಂಕದೊಂದಿಗೇ ಹೊರಟುಹೋಗುತ್ತದೆ.