ಪಾಸ್‌ಬುಕ್ಕಿನ ಶಿಲ್ಕನ್ನು ತಾಳೆ ನೋಡುವ ಬಗೆ

ಪಾಸ್‌ಬುಕ್ಕನ್ನು ತೆರೆದವರು ಸಾಮಾನ್ಯವಾಗಿ ನೋಡುವುದು ಕಟ್ಟಕಡೆಯ ಸಾಲಿನಲ್ಲಿರುವ ಶಿಲ್ಕನ್ನು ಮಾತ್ರ. ಅದು ತಮ್ಮ ಎಣಿಕೆಗೆ ಹೊಂದಿದರೆ ಪುಸ್ತಕವನ್ನು ಮುಚ್ಚಿ ಪೆಟ್ಟಿಗೆಯಲ್ಲಿಡುತ್ತಾರೆ. ಹೊಂದದಿದ್ದರೆ, ಹಣ ಕಟ್ಟಲು ಹೋದವರು ಯಾರು, ತಂದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಮನುಷ್ಯರ ಮೇಲೆ ಸಂಶಯವನ್ನು ತಾಳುವುದಕ್ಕೆ ಮೊದಲು ಆ ಪುಟದ ಅಂಕಿಗಳನ್ನೇ ವಿಚಾರಿಸುವುದು ನ್ಯಾಯ. ಆ ವಿಚಾರಣೆಯ ಕ್ರಮವನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲು ಬಯಸುತ್ತೇವೆ. ಕೂಡುವುದು ಕಳೆಯುವುದು ಬಲ್ಲ ಯಾವ ತಾಯಂದಿರೂ ಇದನ್ನು ಮಾಡಬಲ್ಲರು.

ಪಾಸ್‌ಬುಕ್ಕಿನ ಪ್ರತಿ ಸಾಲಿನಲ್ಲಿ ದಿನಾಂಕ, ವಿವರ, ಜಮೆ, ಪಾವತಿ, ಶಿಲ್ಕು ಎಂಬ ಅಂಕಣಗಳಿರುತ್ತವೆ. ಇವುಗಳಲ್ಲಿ ಜಮೆ ಮತ್ತು ಪಾವತಿಯ ಮೊಬಲಗುಗಳು ಹೊರಗಿನಿಂದ ಬಂದವು. ನಾವು ತುಂಬಿಕೊಟ್ಟ ಚಲನ್ನಿನಿಂದಲೋ ಹಣ ಪಡೆದ ಚೀಟಿಯಿಂದಲೋ ಅವು ಪುಸ್ತಕವನ್ನು ಸೇರುತ್ತವೆ. ಶಿಲ್ಕು ಮಾತ್ರ ಹೊರಗಿನಿಂದ ಬಂದುದಲ್ಲ, ಲೆಕ್ಕದಿಂದ ಹುಟ್ಟಿದ್ದು. ಹಿಂದಿನ ಸಾಲಿನ ಶಿಲ್ಕಿಗೆ ಈ ಸಾಲಿನ ಜಮೆಯನ್ನು ಕೂಡಿಸಿ, ಪಾವತಿಯಿದ್ದರೆ ಕಳೆದು ಬಂದ ಮೊತ್ತವೇ ಈ ಸಾಲಿನ ಶಿಲ್ಕು. ಆದುದರಿಂದ ಪ್ರತಿ ಸಾಲಿನ ಸತ್ಯಾಸತ್ಯತೆಗೆ ಅದರ ಮೇಲಿನ ಸಾಲೇ ಸಾಕ್ಷಿಯಾಗಿ ನಿಂತಿರುತ್ತದೆ. ತಾಳೆ ನೋಡುವುದೆಂದರೆ ಆ ಸಾಕ್ಷಿಯನ್ನು ಒಂದೊಂದಾಗಿ ಕೇಳುತ್ತ ಹೋಗುವುದು.

ಈಗ ಬ್ಯಾಂಕುಗಳಲ್ಲಿ ಶಿಲ್ಕನ್ನು ಗಣಕಯಂತ್ರವೇ ಎಣಿಸುತ್ತದೆ. ಅದು ಕೂಡುವುದರಲ್ಲಿ ತಪ್ಪುವುದು ತೀರ ವಿರಳ. ಮನುಷ್ಯನ ಕೈ ಬಿದ್ದಲ್ಲಿ ತಪ್ಪು ನುಸುಳುತ್ತದೆ. ಕೈಬರಹದ ಪಾಸ್‌ಬುಕ್ಕುಗಳಲ್ಲಿ, ಬ್ಯಾಂಕಿನ ವಿವರಪಟ್ಟಿಯನ್ನು ನೋಡಿ ನಾವು ಕಿರ್ದಿಗೆ ಇಳಿಸಿಕೊಂಡ ಪ್ರತಿಗಳಲ್ಲಿ, ಒಂದು ಪುಟದ ಶಿಲ್ಕನ್ನು ಮುಂದಿನ ಪುಟದ ನೆತ್ತಿಗೆ ಒಯ್ಯುವಾಗ ಇದು ಸಂಭವಿಸುತ್ತದೆ.

ಹನ್ನೆರಡು ಜನ ಸೋದರಿಯರ ಒಂದು ಸ್ವಸಹಾಯ ಸಂಘವಿದೆಯೆಂದು ಇಟ್ಟುಕೊಳ್ಳೋಣ. ಅದರ ಖಾತೆ ಒಂದು ಪತ್ತಿನ ಸಹಕಾರ ಸಂಘದಲ್ಲಿದೆ, ಪಾಸ್‌ಬುಕ್ಕು ಕೈಬರಹದ್ದು. ಏಪ್ರಿಲ್ 1ರಂದು ಆರಂಭ ಶಿಲ್ಕು 18,450 ರೂಪಾಯಿ. ಮೂರು ತಿಂಗಳ ಬರಹ ಹೀಗಿದೆ:

| ಸಾಲು | ದಿನಾಂಕ | ಜಮೆ | ಪಾವತಿ | ಶಿಲ್ಕು |
|---|---|---|---|---|
| 1 | ಏಪ್ರಿಲ್ 5 | 2,400 | – | 20,850 |
| 2 | ಏಪ್ರಿಲ್ 12 | – | 6,000 | 14,850 |
| 3 | ಮೇ 5 | 4,790 | – | 19,640 |
| 4 | ಮೇ 20 | 4,650 | – | 24,920 |
| 5 | ಜೂನ್ 5 | 2,400 | – | 27,320 |
| 6 | ಜೂನ್ 14 | – | 7,500 | 19,820 |
| 7 | ಜೂನ್ 25 | 3,680 | – | 22,500 |
| 8 | ಜೂನ್ 30 (ಬಡ್ಡಿ) | 215 | – | 22,715 |

ಸೋದರಿಯರ ಸಂಘದ ಕಾರ್ಯದರ್ಶಿಯು ತಮ್ಮ ಕಿರ್ದಿಯಲ್ಲಿ ಆಖೈರು ಶಿಲ್ಕನ್ನು 23,085 ಎಂದು ಬರೆದಿದ್ದಾರೆ. ಪಾಸ್‌ಬುಕ್ಕಿನಲ್ಲಿ 370 ರೂಪಾಯಿ ಕಡಿಮೆಯಿದೆ. ಹಣ ಕಟ್ಟಲು ಪ್ರತಿಸಾರಿ ಹೋದವರು ಅವರೇ. ಸದಸ್ಯರ ಮನಸ್ಸಿನಲ್ಲಿ ಯಾವ ಮಾತು ಮೊದಲು ಹುಟ್ಟುವುದೆಂದು ಹೇಳಬೇಕಾಗಿಲ್ಲ. ಆಕೆಯಾದರೋ 370 ರೂಪಾಯಿಯ ಜಮೆ ಎಲ್ಲಿ ಬಿಟ್ಟುಹೋಯಿತೆಂದು ಹುಡುಕಿ ಬಳಲುತ್ತಾರೆ. ಅಂಥ ಜಮೆ ಎಲ್ಲಿಯೂ ಇಲ್ಲ.

ಮೊದಲ ಕೆಲಸ, ಇಡೀ ಅವಧಿಯನ್ನು ಒಂದೇ ಬಾರಿಗೆ ತೂಗುವುದು. ಜಮೆಯ ಅಂಕಣವನ್ನು ಕೂಡಿದರೆ 18,135 ಬರುತ್ತದೆ. ಪಾವತಿಯ ಅಂಕಣ 13,500. ಆರಂಭ ಶಿಲ್ಕು 18,450ಕ್ಕೆ 18,135 ಕೂಡಿಸಿದರೆ 36,585. ಅದರಲ್ಲಿ 13,500 ಕಳೆದರೆ 23,085. ಇಷ್ಟರಿಂದಲೇ ಒಂದು ದೊಡ್ಡ ಸಂಗತಿ ತಿಳಿಯಿತು. ಪಾಸ್‌ಬುಕ್ಕು ತಾನೇ ಬರೆದುಕೊಂಡ ಜಮೆ ಮತ್ತು ಪಾವತಿಗಳು ಕಾರ್ಯದರ್ಶಿಯ ಮಾತನ್ನೇ ಹೇಳುತ್ತಿವೆ. ಹಣವೆಲ್ಲ ಪುಸ್ತಕದೊಳಗೆ ಬಂದಿದೆ; ಶಿಲ್ಕಿನ ಅಂಕಣದಲ್ಲಿ ಲೆಕ್ಕ ಕೆಟ್ಟಿದೆ. ಆಕೆಯ ಮೇಲಿನ ಅಪವಾದ ಇಲ್ಲಿಗೇ ನಿಲ್ಲತಕ್ಕದ್ದು.

ಎರಡನೆಯ ಕೆಲಸ, ಕೆಟ್ಟ ಸಾಲನ್ನು ಹಿಡಿಯುವುದು. ಇದಕ್ಕೆ ಮೇಲಿನಿಂದ ಪ್ರತಿ ಸಾಲನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಇಲ್ಲಿ ಪಾಲಿಸಬೇಕಾದ ನಿಯಮವೊಂದಿದೆ: ಪ್ರತಿ ಸಾಲನ್ನು ಪುಸ್ತಕದಲ್ಲಿ ಬರೆದಿರುವ ಹಿಂದಿನ ಶಿಲ್ಕಿನಿಂದಲೇ ಎಣಿಸಬೇಕು, ನಾವು ತಿದ್ದಿಕೊಂಡ ಶಿಲ್ಕಿನಿಂದ ಎಣಿಸಬಾರದು. ಏಕೆಂದರೆ ಒಂದು ಸಾಲಿನಲ್ಲಿ ಶಿಲ್ಕು ತಪ್ಪಿದರೆ ಆ ತಪ್ಪು ಕೆಳಗಿನ ಎಲ್ಲ ಸಾಲುಗಳಿಗೂ ಹರಿಯುತ್ತದೆ. ಆ ಸಾಲುಗಳ ಅಂಕಿಗಳು ತಪ್ಪಾದರೂ ಅಲ್ಲಿನ ಕೂಡು-ಕಳೆ ನಿರ್ದೋಷವಾಗಿರುತ್ತದೆ. ತಪ್ಪು ಹುಟ್ಟಿದ ಸಾಲು ಮಾತ್ರ ನಮಗೆ ಬೇಕು.

ಮೊದಲ ಮೂರು ಸಾಲುಗಳು ಸರಿಯಾಗಿವೆ. ನಾಲ್ಕನೆಯದರಲ್ಲಿ 19,640ಕ್ಕೆ 4,650 ಕೂಡಿದರೆ 24,290 ಆಗಬೇಕು. ಪುಸ್ತಕದಲ್ಲಿ 24,920 ಇದೆ. ಇಲ್ಲಿ 630 ಹೆಚ್ಚಾಯಿತು. ಐದು ಮತ್ತು ಆರನೆಯ ಸಾಲುಗಳು ತಮ್ಮ ಹಿಂದಿನ ಶಿಲ್ಕಿಗೆ ಸರಿಯಾಗಿ ಹೊಂದುತ್ತವೆ. ಏಳನೆಯದರಲ್ಲಿ 19,820ಕ್ಕೆ 3,680 ಕೂಡಿದರೆ 23,500, ಬರೆದಿರುವುದು 22,500. ಇಲ್ಲಿ 1,000 ಕಡಿಮೆಯಾಯಿತು. ಎಂಟನೆಯದು ಸರಿ. ಹೆಚ್ಚಾದ 630, ಕಡಿಮೆಯಾದ 1,000, ಇವೆರಡೂ ಸೇರಿ 370ರ ಕೊರತೆ. ಕಾರ್ಯದರ್ಶಿಗೆ 370 ಎಲ್ಲಿಯೂ ಸಿಗದಿದ್ದ ಕಾರಣ ಈಗ ಸ್ಪಷ್ಟವಾಯಿತು. ಎರಡು ತಪ್ಪುಗಳು ಒಂದನ್ನೊಂದು ಅರ್ಧಕ್ಕೆ ಮರೆಮಾಡಿ ನಿಂತಿದ್ದವು. ಎರಡೂ ಸಮವಾಗಿದ್ದರೆ ಕೊನೆಯ ಶಿಲ್ಕು ಸರಿಯಾಗಿಯೇ ಕಾಣುತ್ತಿತ್ತು, ನಡುವಿನ ದೋಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಟ್ಟಕಡೆಯ ಅಂಕಿಯನ್ನು ಮಾತ್ರ ನೋಡುವುದು ಸಾಲದೆನ್ನುವುದು ಇದಕ್ಕಾಗಿಯೇ.

ಸಾಲು ಸಿಕ್ಕ ಮೇಲೆ ವ್ಯತ್ಯಾಸದ ಮೊತ್ತವೇ ತಪ್ಪಿನ ಜಾತಿಯನ್ನು ಹೇಳುತ್ತದೆ. 630ನ್ನು ಒಂಬತ್ತರಿಂದ ಭಾಗಿಸಿದರೆ ಶೇಷವಿಲ್ಲದೆ 70 ಬರುತ್ತದೆ. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಬಿಡಿಯ ಸ್ಥಾನದಿಂದ ಹತ್ತರ ಸ್ಥಾನಕ್ಕೆ ಏರಿದ ಅಂಕಿ ಒಂದರ ಬದಲು ಹತ್ತಾಗಿ, ಎಂದರೆ ಒಂಬತ್ತು ಪಾಲು ಹೆಚ್ಚು ಬೆಲೆ ಪಡೆಯುತ್ತದೆ. ಕೆಳಗಿಳಿದ ಅಂಕಿ ಅಷ್ಟೇ ಪಾಲು ಕಳೆದುಕೊಳ್ಳುತ್ತದೆ. ಉಳಿಯುವ ಅಂತರವು ಒಂಬತ್ತರ ಮಡಿಯೇ ಆಗಬೇಕು. ಸ್ಥಾನಗಳು ಇನ್ನೂ ಮೇಲಿನವಾದರೂ ನ್ಯಾಯ ಇದೇ. ಇಲ್ಲಿ 2 ಮತ್ತು 9 ಸ್ಥಳ ಬದಲಿಸಿವೆ. ಸೊನ್ನೆಯೊಂದು ಹೆಚ್ಚಾಗಿ ಬಿದ್ದು 450 ಎಂಬುದು 4,500 ಆದಾಗಲೂ ವ್ಯತ್ಯಾಸ ಒಂಬತ್ತರ ಮಡಿಯೇ ಆಗುವುದರಿಂದ, ಈ ಎರಡನ್ನೂ ನೋಡಿ ನಿರ್ಣಯಿಸಬೇಕು.

ಏಳನೆಯ ಸಾಲಿನ 1,000 ಬೇರೆ ಜಾತಿಯದು. ವ್ಯತ್ಯಾಸ 10, 100, 1,000 ಹೀಗೆ ಒಂದೇ ಅಂಕಿಯ ಮುಂದೆ ಸೊನ್ನೆಗಳಾಗಿದ್ದರೆ ದಶಕವನ್ನು ಮರೆತಿರುವ ಸಂಭವ ಹೆಚ್ಚು. ನೂರರ ಸ್ಥಾನದಲ್ಲಿ 8, 6 ಮತ್ತು ಕೆಳಗಿನಿಂದ ಬಂದ 1 ಸೇರಿ 15 ಆಗುತ್ತದೆ. 5ನ್ನು ಬರೆದು ದಶಕ 1ನ್ನು ಸಾವಿರದ ಸ್ಥಾನಕ್ಕೆ ಸೇರಿಸುವುದನ್ನು ಬರೆದವರು ಮರೆತಿದ್ದಾರೆ.

ಇನ್ನೆರಡು ಜಾತಿಗಳನ್ನು ನೆನಪಿಡುವುದು ಒಳಿತು. ವ್ಯತ್ಯಾಸವು ಆ ಸಾಲಿನ ಮೊಬಲಗಿನ ಎರಡು ಪಟ್ಟಿದ್ದರೆ ಜಮೆಯನ್ನು ಕಳೆದಿದ್ದಾರೆ ಇಲ್ಲವೆ ಪಾವತಿಯನ್ನು ಕೂಡಿದ್ದಾರೆ. ಎರಡು ಸಾಲುಗಳ ನಡುವೆ ಶಿಲ್ಕು ಹಾರಿದ್ದು, ಆ ಅಂತರ ನಮ್ಮ ಒಂದು ಚಲನ್ನಿನ ಅಥವಾ ಚೆಕ್ಕಿನ ಮೊತ್ತಕ್ಕೆ ಸಮವಾಗಿದ್ದರೆ ಆ ನಡುವಿನ ಸಾಲೇ ಬರೆಯದೆ ಬಿಟ್ಟುಹೋಗಿದೆ. ಯಂತ್ರದಲ್ಲಿ ಮುದ್ರಿತವಾದ ಪಾಸ್‌ಬುಕ್ಕಿನಲ್ಲಿಯೂ ಒಂದು ಸಾಲು ಅಥವಾ ಪುಟ ಬಿಟ್ಟುಹೋದರೆ ಹೀಗೆಯೇ ಕಾಣುತ್ತದೆ. ಕೆಲವು ವಿವರಪಟ್ಟಿಗಳು ಹೊಸ ವ್ಯವಹಾರವನ್ನು ಮೇಲಿಟ್ಟು ಹಳೆಯದನ್ನು ಕೆಳಗಿಡುತ್ತವೆ. ಅಂಥವನ್ನು ಕೆಳಗಿನಿಂದ ಮೇಲಕ್ಕೆ ಎಣಿಸಬೇಕು. ಇಲ್ಲವಾದರೆ ಸಾಲು ಸಾಲೂ ತಪ್ಪೆಂದೇ ತೋರುವುದು.

ಸಾಲು ತಾಳೆಯಾಗದಿದ್ದ ಮಾತ್ರಕ್ಕೆ ಶಿಲ್ಕೇ ತಪ್ಪೆಂದು ತೀರ್ಮಾನಿಸಬಾರದು. ನಾಲ್ಕನೆಯ ಸಾಲಿನಲ್ಲಿ ಶಿಲ್ಕು ಸರಿಯಾಗಿದ್ದು, 5,280 ಎಂದಿರಬೇಕಾದ ಜಮೆಯನ್ನು 4,650 ಎಂದು ಬರೆದಿರುವುದೂ ಸಾಧ್ಯ. ಅಂಕಗಣಿತ ಇವೆರಡರಲ್ಲಿ ಒಂದನ್ನು ಆರಿಸಿಕೊಡಲಾರದು. ಆರಿಸುವುದು ಮುದ್ರೆಯೊತ್ತಿ ಹಿಂದಿರುಗಿಸಿದ ಚಲನ್ನಿನ ಭಾಗ. ಅದರಲ್ಲಿ 4,650 ಎಂದಿದ್ದರೆ ಶಿಲ್ಕು ತಪ್ಪು. ಇನ್ನು ಐದನೆಯ ಸಾಲಿನಲ್ಲಿ 26,690 ಎಂದು ಇದ್ದಿದ್ದರೆ, 24,920 ಎಂಬುದು ಬರೆಯುವಾಗಿನ ಕೈತಪ್ಪು ಮಾತ್ರ, ಮುಂದಿನ ಲೆಕ್ಕವು ಸರಿಯಾದ 24,290ರಿಂದಲೇ ನಡೆದಿದೆ ಎಂದು ತಿಳಿಯಬಹುದಾಗಿತ್ತು. ಇಲ್ಲಿ ಹಾಗಾಗಿಲ್ಲ, ತಪ್ಪು ಮುಂದಕ್ಕೆ ಹರಿದಿದೆ.

ತಪ್ಪು ನಿಶ್ಚಯವಾದ ಮೇಲೆ ಪಾಸ್‌ಬುಕ್ಕನ್ನು ನಾವೇ ತಿದ್ದಕೂಡದು. ಎರಡೂ ಸಾಲುಗಳ ದಿನಾಂಕ, ಬರೆದಿರುವ ಶಿಲ್ಕು, ಬರಬೇಕಾದ ಶಿಲ್ಕುಗಳನ್ನು ಒಂದು ಹಾಳೆಯಲ್ಲಿ ಬರೆದು, ಚಲನ್ನುಗಳ ಪ್ರತಿಯೊಡನೆ ಕಾರ್ಯಾಲಯಕ್ಕೆ ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆಯಬೇಕು. ಪಾಸ್‌ಬುಕ್ಕು ಅಲ್ಲಿನ ಖಾತಾವಹಿಯ ಪ್ರತಿಯಾದುದರಿಂದ ಖಾತಾವಹಿಯನ್ನು ತೆರೆಸಿ ನೋಡಬೇಕು. ಅಲ್ಲಿ ಸರಿಯಿದ್ದರೆ ಪಾಸ್‌ಬುಕ್ಕಿನ ತಪ್ಪು ಅಂಕಿಗೆ ಗೆರೆ ಎಳೆದು, ಸರಿಯಾದುದನ್ನು ಬರೆದು, ಅಧಿಕಾರಿಯ ಸಹಿ ಹಾಕಿಸಿದರೆ ಸಾಕು. ಖಾತಾವಹಿಯಲ್ಲಿಯೇ ತಪ್ಪಿದ್ದರೆ ಬಡ್ಡಿಯನ್ನೂ ಮರಳಿ ಎಣಿಸಬೇಕು, ಏಕೆಂದರೆ ಬಡ್ಡಿ ಹುಟ್ಟುವುದು ಶಿಲ್ಕಿನ ಮೇಲೆ. ವಾಣಿಜ್ಯ ಬ್ಯಾಂಕುಗಳ ಉಳಿತಾಯ ಖಾತೆಗಳಲ್ಲಿ 2010ರ ಏಪ್ರಿಲ್ 1ರಿಂದ ದಿನದಿನದ ಶಿಲ್ಕಿನ ಮೇಲೆ ಬಡ್ಡಿ ಎಣಿಸುವ ಕ್ರಮ ಬಂದಿದೆ. ನಮ್ಮ ಉದಾಹರಣೆಯಲ್ಲಿ ಮೇ 20ರಿಂದ ಜೂನ್ 24ರವರೆಗೆ ಶಿಲ್ಕು 630 ಹೆಚ್ಚಾಗಿತ್ತು, ಅನಂತರ 370 ಕಡಿಮೆಯಾಯಿತು. ಕಡಿಮೆಯಾದ ಸಾವಿರವನ್ನು ಮಾತ್ರ ಕೇಳಿ, ಹೆಚ್ಚಾದ 630ರ ವಿಷಯದಲ್ಲಿ ಮೌನವಾಗಿರುವುದು ಸರಿಯಲ್ಲ. ಎರಡನ್ನೂ ತೋರಿಸಿದಾಗಲೇ 23,085 ನಿಲ್ಲುತ್ತದೆ.

ಈ ಪರೀಕ್ಷೆಗೊಂದು ಮೇರೆಯುಂಟು. ಕಟ್ಟಿದ ಹಣವೊಂದು ಪುಸ್ತಕದಲ್ಲಿ ಜಮೆಯಾಗದೆ, ಶಿಲ್ಕಿಗೂ ಸೇರದೆ ಹೋದರೆ ಪ್ರತಿ ಸಾಲೂ ನಿರ್ದೋಷವಾಗಿಯೇ ಕಾಣುತ್ತದೆ. ಎಲ್ಲ ಸಾಲುಗಳು ತಾಳೆಯಾದವೆಂದರೆ ಕೂಡು-ಕಳೆ ಸರಿಯಾಗಿದೆಯೆಂದು ಅರ್ಥ, ಎಲ್ಲ ಹಣವೂ ಬಂದಿದೆಯೆಂದಲ್ಲ. ಅದನ್ನು ತಿಳಿಯಲು ಚಲನ್ನುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಒಂದು ಸಾಲಿದೆಯೇ ಎಂದು ಗುರುತು ಹಾಕುತ್ತ ಬರಬೇಕು. ಸ್ವಸಹಾಯ ಸಂಘಗಳು ತಮ್ಮ ತಿಂಗಳ ಸಭೆಯಲ್ಲಿ ಈ ಎರಡೂ ಕೆಲಸಗಳನ್ನು ಎಲ್ಲರೆದುರಿಗೆ, ಹಣ ಕಟ್ಟಿದವರ ಹೊರತು ಬೇರೊಬ್ಬ ಸದಸ್ಯೆಯ ಕೈಯಿಂದ ಮಾಡಿಸುವುದು ಉಚಿತ. ಮೂರು ತಿಂಗಳ ಎಂಟು ಸಾಲುಗಳಿಗೆ ಕಾಲು ಗಂಟೆ ಸಾಕು.